ಮೊತ್ತ ಸರಿಯಿದ್ದ ಬಿಲ್ಲು, ಕೈತಪ್ಪಿದ ಗಿರಾಕಿ

ಪ್ರಶ್ನೆ: ಬಿಲ್ಲಿನಲ್ಲಿ ಒಂದು ಅಂಕಿ ತಪ್ಪಾದ್ದಕ್ಕೆ ದೊಡ್ಡ ಗಿರಾಕಿ ಬಿಟ್ಟುಹೋದ ಕಥೆ ಯಾರಿಗಾದರೂ ಗೊತ್ತಾ? ಒಟ್ಟು ಮೊತ್ತ ಸರಿಯಿದ್ದರೂ ಹಾಗಾಗುತ್ತದಾ?

ಆಗುತ್ತದೆ. ನಮ್ಮ ಬದಿಯಡ್ಕದ ಕಡೆಯ ಒಬ್ಬ ಅಂಗಡಿಯವರಿಗೆ ಆಯಿತು. ಕಾಸರಗೋಡು ಜಿಲ್ಲೆಯಲ್ಲಿ ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಕೈಮೀರಿದ ಮೇಲೆ ಆ ಕಡತ ನನ್ನ ಹತ್ತಿರ ಬಂತು. ಹೆಸರು ಬೇಡ, ಶೆಟ್ರು ಅಂತಿಟ್ಟುಕೊಳ್ಳಿ.

ಶೆಟ್ರದ್ದು ಪೈಪು, ಫಿಟ್ಟಿಂಗ್, ಪಂಪ್‌ಸೆಟ್ಟಿನ ಅಂಗಡಿ. ವರ್ಷಪೂರ್ತಿ ಅಡಿಕೆ ತೋಟದವರ ಚಿಲ್ಲರೆ ವ್ಯಾಪಾರ. ಅದರ ನಡುವೆ ಮಂಗಳೂರು ಕಡೆಯ ಒಂದು ಗುತ್ತಿಗೆದಾರ ಕಂಪನಿ ಇಲ್ಲಿ ನೀರಿನ ಲೈನು ಹಾಕುವ ಕೆಲಸ ಹಿಡಿಯಿತು, ಪೈಪು ಇವರಲ್ಲೇ ತೆಗೆದುಕೊಳ್ಳತೊಡಗಿತು. ತಿಂಗಳಿಗೆ ಬರುವ ಆ ಒಂದು ಆರ್ಡರು ಉಳಿದೆಲ್ಲ ವ್ಯಾಪಾರಕ್ಕೆ ಸಮ. ಅವರಿಗೆಂದೇ ಶೆಟ್ರು 110 ಎಂಎಂ ಪೈಪಿನ ದಾಸ್ತಾನು ಹೆಚ್ಚಿಸಿದ್ದರು.

ಗಡಿಯ ಈಚೆ ಆಚೆ ಎರಡೂ ಕಡೆ ಕೆಲಸ ಮಾಡುವವರಿಗೆ ಎರಡು ಜಿಎಸ್‌ಟಿ ನಂಬರ್ ಇರುತ್ತದೆ. ನಂಬರಿನಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಕೇರಳಕ್ಕೆ 32. ಆಮೇಲಿನ ಹತ್ತು ಪ್ಯಾನ್ ನಂಬರ್, ಅದು ಎರಡರಲ್ಲೂ ಒಂದೇ. ಕಂಪನಿಯ ಹೆಸರೂ ಒಂದೇ. ಹಿಂದೊಮ್ಮೆ ಈ ಕಂಪನಿಯ ಕರ್ನಾಟಕದ ಸೈಟಿಗೆ ಒಂದು ಲೋಡು ಹೋಗಿತ್ತು, ಆಗ 29ರ ಖಾತೆ ಕಂಪ್ಯೂಟರಿನಲ್ಲಿ ಸೇರಿತ್ತು. ಆಮೇಲೆ 32ರದ್ದೂ ಸೇರಿತು. ಜುಲೈ ತಿಂಗಳಲ್ಲಿ ಬಿಲ್ಲು ಹೊಡೆಯುವ ಹುಡುಗ ಹೆಸರಿನ ಮೊದಲ ನಾಲ್ಕು ಅಕ್ಷರ ಟೈಪ್ ಮಾಡಿದ, ಮೇಲೆ ಬಂದದ್ದಕ್ಕೆ ಎಂಟರ್ ಒತ್ತಿದ. ಬಂದದ್ದು 29.

ಮಾಲು ಎರಡು ಲಕ್ಷದ್ದು, ತೆರಿಗೆ 18 ಶೇಕಡ. ಸರಿಯಾದ ಬಿಲ್ಲಿನಲ್ಲಿ ಕೇಂದ್ರಕ್ಕೆ ಸಿಜಿಎಸ್‌ಟಿ 18,000, ಕೇರಳಕ್ಕೆ ಎಸ್‌ಜಿಎಸ್‌ಟಿ 18,000 ಅಂತ ಎರಡು ಸಾಲು ಬರಬೇಕಿತ್ತು. 29 ಕಂಡ ಸಾಫ್ಟ್‌ವೇರ್ ಇದು ಹೊರರಾಜ್ಯದ ವ್ಯಾಪಾರ ಅಂತ ತಿಳಿದು ಐಜಿಎಸ್‌ಟಿ 36,000 ಅಂತ ಒಂದೇ ಸಾಲು ಹಾಕಿತು. ಕೆಳಗಿನ ಮೊತ್ತ ಎರಡರಲ್ಲೂ 2,36,000. ಶೆಟ್ರು ಸಹಿ ಹಾಕುವಾಗ ನೋಡಿದ್ದು ಆ ಮೊತ್ತವನ್ನು. ಬಿಲ್ಲಿನಿಂದಲೇ ಮಾಲು ಸಾಗಿಸುವ ಇ-ವೇ ಬಿಲ್ ತಯಾರಾಗುವುದರಿಂದ ತಪ್ಪು ಅಲ್ಲಿಗೂ ಹೋಯಿತು. ಸೈಟಿನಲ್ಲಿ ಮಾಲು ಇಳಿಸಿಕೊಂಡವರು ಪೈಪು ಎಣಿಸಿದರು, ಸರಿಯಿತ್ತು.

ಬೇರೆ ಯಾವುದೋ ಒಂದು ಅಂಕಿ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಜಿಎಸ್‌ಟಿ ನಂಬರಿನ ಕೊನೆಯ ಅಕ್ಷರ ಹಿಂದಿನ ಹದಿನಾಲ್ಕನ್ನು ಲೆಕ್ಕ ಹಾಕಿ ಇಟ್ಟದ್ದು. ನಡುವೆ ಒಂದು ಅಂಕಿ ಬದಲಾದರೆ ತಾಳೆಯಾಗುವುದಿಲ್ಲ, ಪೋರ್ಟಲ್ ಒಪ್ಪುವುದಿಲ್ಲ. ಆದರೆ ಇಲ್ಲಿ ಬಿದ್ದದ್ದು ಪೂರ್ತಿ ಸಾಚಾ ನಂಬರು, ಅದೇ ಕಂಪನಿಯದ್ದು. ಪೋರ್ಟಲಿನಲ್ಲಿ ಹುಡುಕಿದರೂ ಅದೇ ಹೆಸರು ಬರುತ್ತದೆ. ಯಂತ್ರಕ್ಕೆ ತಪ್ಪು ಕಾಣುವ ದಾರಿಯೇ ಇಲ್ಲ. ಗಡಿಯ ಅಂಗಡಿಗಳಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಇದೇ.

ಶೆಟ್ರದ್ದು ತಿಂಗಳು ತಿಂಗಳು ರಿಟರ್ನ್. ಆಗಸ್ಟ್ 11ರೊಳಗೆ ಜುಲೈ ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಹೋಯಿತು. 14ಕ್ಕೆ ಕಂಪನಿಯ ಖರೀದಿ ಬಿಲ್ಲುಗಳ ಪಟ್ಟಿ, ಅಂದರೆ ಜಿಎಸ್‌ಟಿಆರ್-2ಬಿ ತಯಾರಾಯಿತು. ಖರೀದಿಗೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬೇಕಾದರೆ ಆ ಬಿಲ್ಲು 2ಬಿಯಲ್ಲಿ ಬಂದಿರಲೇಬೇಕು. 2022ರ ಜನವರಿಯಿಂದ ಕಾನೂನೇ ಹಾಗೆ. ಕೇರಳದ ನಂಬರಿನಲ್ಲಿ ಬಿಲ್ಲು ಇಲ್ಲ, ಕರ್ನಾಟಕದ ನಂಬರಿನಲ್ಲಿ ಇದೆ. ಪ್ಯಾನ್ ಒಂದೇ ಆದರೂ ಕಾನೂನಿನ ಕಣ್ಣಿಗೆ ಅವೆರಡೂ ಬೇರೆ ಬೇರೆ ವ್ಯಕ್ತಿಗಳು, ಅಲ್ಲಿಂದ ಇಲ್ಲಿಗೆ ಕ್ರೆಡಿಟ್ ದಾಟಿಸಲಾಗದು. ಮಾಲು ಕೇರಳದಲ್ಲೇ ಇಳಿದು ಕೇರಳದ ಕೆಲಸಕ್ಕೇ ಹೋದದ್ದರಿಂದ ಕರ್ನಾಟಕದ ಲೆಕ್ಕದಲ್ಲಿ ಅದನ್ನು ತೆಗೆದುಕೊಳ್ಳಲು ಅವರ ಆಡಿಟರ್ ಒಪ್ಪಲಿಲ್ಲ. 20ರೊಳಗೆ ಕಂಪನಿ 36,000 ರೂಪಾಯಿ ಕೈಯಿಂದ ಕಟ್ಟಬೇಕಾಯಿತು.

ಕಂಪನಿಯ ಅಕೌಂಟೆಂಟ್ ಹುಡುಗಿ ಫೋನ್ ಮಾಡಿದಳು. "ಅಂಕಲ್, ನಿಮ್ಮ ಜುಲೈ ಬಿಲ್ಲು ನಮ್ಮ 2ಬಿಯಲ್ಲಿ ಕಾಣ್ತಾ ಇಲ್ಲ."

ಶೆಟ್ರು ಫೈಲು ತೆಗೆದು ಮೊತ್ತ ನೋಡಿದರು. "ನಮ್ಮದು ಸರಿಯೇ ಉಂಟು ಮಾರಾಯ್ತಿ. ರಿಟರ್ನೂ ಹೋಗಿದೆ. ನಿಮ್ಮ ಆಡಿಟರನ್ನು ಕೇಳಿ."

ಶೆಟ್ರು ಸುಳ್ಳು ಹೇಳಿರಲಿಲ್ಲ. ರಿಟರ್ನ್ ಹೋಗಿತ್ತು, ತೆರಿಗೆಯೂ ಕಟ್ಟಿ ಆಗಿತ್ತು. ಆದರೆ ಗಿರಾಕಿ ಕೈತಪ್ಪಿದ್ದು ಆ ಮಾತಿನಿಂದ ಅಂತ ನನ್ನ ಅಭಿಪ್ರಾಯ, ಅಂಕಿಯಿಂದಲ್ಲ. ಕಂಪನಿ ಮುಂದಿನ ಪಾವತಿಯಲ್ಲಿ 36,000 ಹಿಡಿದಿಟ್ಟುಕೊಂಡಿತು. 2ಬಿಯಲ್ಲಿ ಬಿಲ್ಲು ಕಾಣುವ ತನಕ ತೆರಿಗೆಯ ಪಾಲು ತಡೆಹಿಡಿಯುವುದು ಈಗ ಎಲ್ಲ ಕಡೆ ನಡೆಯುತ್ತದೆ. ಶೆಟ್ರಿಗೆ ಅದು ಅವಮಾನವಾಗಿ ಕಂಡಿತು. "ಬಾಕಿ ಕೊಡದೆ ಮುಂದಿನ ಲೋಡು ಇಲ್ಲ" ಅಂದುಬಿಟ್ಟರು. ಅಲ್ಲಿ ಸೈಟಿನಲ್ಲಿ ಗುಂಡಿ ತೋಡಿ ಆಳುಗಳು ಕೂತಿದ್ದಾರೆ. ಕಂಪನಿ ಮಂಗಳೂರಿನ ಒಬ್ಬ ಡೀಲರಿಗೆ ಹೇಳಿತು, ಮರುದಿನವೇ ತಲಪಾಡಿ ದಾಟಿ ಲಾರಿ ಬಂತು.

ನನ್ನ ಕೈಗೆ ಬಿಲ್ಲು ಬಂದಾಗ ಸೆಪ್ಟೆಂಬರ್. ಆ ಒಂದೇ ಸಾಲಿನ ಐಜಿಎಸ್‌ಟಿ ಮೇಲೆ ಬೆರಳಿಟ್ಟು ತೋರಿಸಿದೆ. ಶೆಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ತೆರಿಗೆ ಕಟ್ಟಿದ್ದೇನಲ್ಲಾ, ಮತ್ತೆ ಎಂತ?" ಅಂದರು. ತಪ್ಪು ಶೀರ್ಷಿಕೆಯಲ್ಲಿ ಕಟ್ಟಿದ ತೆರಿಗೆ ತಾನಾಗಿ ಸರಿಯಾದ ಶೀರ್ಷಿಕೆಗೆ ಬರುವುದಿಲ್ಲ. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಸೇರಿ 36,000 ಹೊಸದಾಗಿ ಕಟ್ಟಬೇಕು, ಮೊದಲು ಕಟ್ಟಿದ ಐಜಿಎಸ್‌ಟಿಯನ್ನು ಮರುಪಾವತಿ ಕೇಳಬೇಕು. ಇಂಥ ತಪ್ಪಿಗೆ ಬಡ್ಡಿ ಇಲ್ಲ, ಸರಿಯಾದ ತೆರಿಗೆ ಕಟ್ಟಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬಹುದು. ಆದರೆ ಅಷ್ಟು ದಿನ ದುಡ್ಡು ಎರಡು ಕಡೆ ಸಿಕ್ಕಿಹಾಕಿಕೊಂಡಿರುತ್ತದೆ. ಕಂಪನಿ ಹಿಡಿದಿಟ್ಟದ್ದು ಬೇರೆ. ಸಣ್ಣ ಅಂಗಡಿಯವರು ಇಂಥ ತಿದ್ದುಪಡಿಯನ್ನು ಮುಂದೂಡುವುದು ಹಟಕ್ಕಲ್ಲ, ಬಂಡವಾಳವಿಲ್ಲದೆ. ಇದನ್ನು ದೊಡ್ಡ ಕಂಪನಿಗಳು ಅರ್ಥ ಮಾಡಿಕೊಳ್ಳುವುದಿಲ್ಲ ಅಂತ ನನಗೆ ಬೇಸರವಿದೆ.

ಕೊನೆಗೆ ಶೆಟ್ರು ಕಟ್ಟಿದರು. ಬಿಲ್ಲು ಸರಿಯಾದ ನಂಬರಿಗೆ ಹೋಯಿತು, ಮುಂದಿನ ತಿಂಗಳ 2ಬಿಯಲ್ಲಿ ಕಂಡಿತು, ಹಿಡಿದಿಟ್ಟ ಹಣವನ್ನು ಕಂಪನಿ ಪೂರ್ತಿ ಕೊಟ್ಟಿತು. ಆರ್ಡರು ಮಾತ್ರ ಮತ್ತೆ ಬರಲಿಲ್ಲ. ಮಂಗಳೂರಿನ ಡೀಲರು ಅಷ್ಟರಲ್ಲಿ ಇಡೀ ಕೆಲಸಕ್ಕೆ ದರ ಒಪ್ಪಿಸಿಕೊಂಡಿದ್ದರು. ಗೋದಾಮಿನ 110 ಎಂಎಂ ಪೈಪನ್ನು ತೋಟದವರು ಒಂದೆರಡು ತುಂಡು ಅಂತ ಒಯ್ಯುತ್ತಿದ್ದಾರೆ.

ನೀವೂ ಇಂಥ ಬಿಲ್ಲು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದರೆ ಮೊದಲು ತಾರೀಕು ನೋಡಿ. ಆ ತಿಂಗಳ ಜಿಎಸ್‌ಟಿಆರ್-1 ಇನ್ನೂ ಹೋಗಿಲ್ಲವಾದರೆ ಆ ಬಿಲ್ಲು ರದ್ದು ಮಾಡಿ ಸರಿಯಾದ ನಂಬರಿಗೆ ಇವತ್ತೇ ಬರೆಯಿರಿ, ಒಂದು ರೂಪಾಯಿಯೂ ನಷ್ಟವಿಲ್ಲ. ಹೋಗಿದ್ದರೆ ಅದೇ ತಿಂಗಳ ತಿದ್ದುಪಡಿಯ ಫಾರಂ ಜಿಎಸ್‌ಟಿಆರ್-1ಎ ಹಾಕಿ ಸರಿಮಾಡೋಣ ಅಂತ ಯಾರಾದರೂ ಹೇಳಿಯಾರು. ಗಿರಾಕಿಯ ನಂಬರನ್ನು ಅದರಲ್ಲಿ ಬದಲಿಸಲು ಆಗುವುದಿಲ್ಲ, ಮುಂದಿನ ತಿಂಗಳ ಜಿಎಸ್‌ಟಿಆರ್-1ರ ತನಕ ಕಾಯಲೇಬೇಕು. ಹಾಗಾಗಿ ಗಿರಾಕಿಗೆ ಇವತ್ತೇ ಫೋನ್ ಮಾಡಿ, ಯಾವ ತಿಂಗಳ 14ಕ್ಕೆ ಬಿಲ್ಲು ಕಾಣುತ್ತದೆ ಅಂತ ತಾರೀಕು ಸಮೇತ ಹೇಳಿ. ಆ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ದಾಟಿದರೆ ತಿದ್ದುವ ಅವಕಾಶವೇ ಇರುವುದಿಲ್ಲ.