ಇನ್, ಆನ್, ಅಟ್: ಖಾಲಿ ಜಾಗದ ಮುಂದಿನ ಪದ ನೋಡಿ

“ಮಗಳು 4ನೇ ಕ್ಲಾಸು. ಇಂಗ್ಲಿಷ್‌ನಲ್ಲಿ ಬಿಟ್ಟ ಸ್ಥಳ ತುಂಬುವಾಗ ಇನ್, ಆನ್, ಅಟ್ ಸುಮ್ನೆ ಊಹೆ ಮಾಡಿ ಬರೀತಾಳೆ. ಹೇಗೆ ಹೇಳಿಕೊಡಲಿ?”

ಮಗು ಕನ್ನಡದಲ್ಲಿ ಯೋಚಿಸುತ್ತಿರಬಹುದು. ನಮ್ಮಲ್ಲಿ ‘ಆರು ಗಂಟೆಗೆ’, ‘ಜುಲೈನಲ್ಲಿ’ ಅಂತ ಪ್ರತ್ಯಯ ಬರುತ್ತದೆ. ‘ಸೋಮವಾರ ಬಾ’ ಅನ್ನುವಾಗ ಏನೂ ಬೇಡ. ಹಾಗಾಗಿ ಅನುವಾದದಿಂದ ಉತ್ತರ ಸಿಗುವುದಿಲ್ಲ.

ಮೊದಲು ಸಮಯದ್ದು ಮಾತ್ರ ಮಾಡಿಸಿ. ಖಾಲಿ ಜಾಗದ ಮುಂದಿನ ಪದಕ್ಕೆ ಗೆರೆ ಎಳೆಯಲು ಹೇಳಿ. ಅದು ಗಡಿಯಾರದ ಸಮಯವಾದರೆ ಅಟ್. ಸೋಮವಾರದಂಥ ದಿನದ ಹೆಸರು ಅಥವಾ ತಾರೀಖು ಇದ್ದರೆ ಆನ್. ತಿಂಗಳು, ವರ್ಷವಾದರೆ ಇನ್. ‘ಮೈ ಬರ್ತ್‌ಡೇ ಈಸ್ ___ ಜುಲೈ’ ಅಂದರೆ ಇನ್. ಅದೇ ‘___ 5 ಜುಲೈ’ ಆದರೆ ಆನ್, ಏಕೆಂದರೆ ಈಗ ಅದು ಒಂದೇ ದಿನ. ಈ ಜೋಡಿಯನ್ನು ಪಕ್ಕಪಕ್ಕ ಬರೆಸಿ, ತಿಂಗಳ ಹೆಸರು ನೋಡಿದ ಕೂಡಲೇ ಇನ್ ಬರೆಯುವ ತಪ್ಪು ಅಲ್ಲೇ ಗೊತ್ತಾಗುತ್ತದೆ. ‘ಇನ್ ದ ಮಾರ್ನಿಂಗ್’ ಸರಿ, ಆದರೆ ‘ಮಂಡೇ ಮಾರ್ನಿಂಗ್’ಗೆ ಆನ್. ‘ಅಟ್ ನೈಟ್’ ಬಾಯಿಪಾಠವೇ ಆಗಬೇಕು.

ಒಂದು ವಾರದ ನಂತರ ಜಾಗದ್ದು: ಪೆಟ್ಟಿಗೆಯ ಒಳಗೆ ಇನ್, ಮೇಜಿಗೆ ತಾಗಿ ಮೇಲಿದ್ದರೆ ಆನ್, ಬಸ್ ಸ್ಟಾಪಿನಂಥ ಒಂದು ಗುರುತಿನ ಜಾಗಕ್ಕೆ ಅಟ್. ಗೋಡೆಯ ಚಿತ್ರಕ್ಕೂ ಆನ್, ಕನ್ನಡದಲ್ಲಿ ‘ಗೋಡೆಯಲ್ಲಿ’ ಅಂದರೂ ಅಷ್ಟೇ.

‘ಶೀ ಈಸ್ ___ ಸ್ಕೂಲ್’ಗೆ ಇನ್, ಅಟ್ ಎರಡೂ ನಡೆಯುತ್ತವೆ. ಅಂಥ ಕಡೆ ಪಾಠದಲ್ಲಿ ಯಾವುದಿದೆಯೋ ಅದನ್ನೇ ಬರೆಸಿ.