ಸಂಪತ್ತಿನ ತೆರಿಗೆ: ಯಾವ ಆಸ್ತಿಗೆ, ಯಾವ ಬೆಲೆಗೆ?

ಪ್ರಶ್ನೆ: ಅತಿ ಶ್ರೀಮಂತರ ಮೇಲೆ ಪ್ರತಿ ವರ್ಷ ಸಂಪತ್ತಿನ ತೆರಿಗೆ ಹಾಕಬೇಕು ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು ಹೇಳ್ತಾರೆ. ನಮ್ಮ ದೇಶದಲ್ಲಿ ಮೊದಲು ಇತ್ತಂತೆ, ಆಮೇಲೆ ತೆಗೆದುಹಾಕಿದರಂತೆ. ಎರಡೂ ಕಡೆಯವರ ವಾದ ಏನು? ನಿಮ್ಮ ಅಭಿಪ್ರಾಯ ಏನು?

ನಾನು ಮೈಸೂರಿನಲ್ಲಿ ತೆರಿಗೆ ಸಲಹೆಗಾರ. ಆ ಕಾನೂನು ಜಾರಿಯಲ್ಲಿದ್ದಷ್ಟು ಕಾಲ ಹಲವು ಕುಟುಂಬಗಳ ಸಂಪತ್ತು ತೆರಿಗೆಯ ರಿಟರ್ನ್ಸ್ ಸಿದ್ಧಪಡಿಸಿದ್ದೇನೆ. ಆದ್ದರಿಂದ ನಮ್ಮ ದೇಶದ ಅನುಭವದಿಂದಲೇ ಆರಂಭಿಸುತ್ತೇನೆ. ಈ ತೆರಿಗೆ ಬೇಡವೆನ್ನುವವರು ಮೊದಲು ಎತ್ತುವ ಅಂಕಿಯೂ ಅಲ್ಲಿನದೇ. 2015ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿಯವರು ಸಂಪತ್ತು ತೆರಿಗೆಯನ್ನು ರದ್ದುಪಡಿಸುವಾಗ, 2013–14ರಲ್ಲಿ ಇಡೀ ದೇಶದಿಂದ ಅದರ ಮೂಲಕ ಬಂದದ್ದು 1,008 ಕೋಟಿ ರೂಪಾಯಿ ಮಾತ್ರ ಎಂದು ತಿಳಿಸಿದರು. ವಸೂಲಿಯ ಶ್ರಮ ಹೆಚ್ಚು, ಉತ್ಪತ್ತಿ ಕಡಿಮೆ ಎಂಬ ಕಾರಣ ಕೊಟ್ಟು, ಅದರ ಬದಲಿಗೆ ಒಂದು ಕೋಟಿಗಿಂತ ಹೆಚ್ಚು ಆದಾಯವಿರುವವರ ಮೇಲೆ ಶೇ 2ರಷ್ಟು ಹೆಚ್ಚುವರಿ ಸರ್ಚಾರ್ಜ್ ವಿಧಿಸಿದರು.

ಅಂಕಿ ಸರಿಯಾಗಿಯೇ ಇದೆ. ಆದರೆ ಅದರಿಂದ ಏನನ್ನು ತೀರ್ಮಾನಿಸಬಹುದು ಎಂಬುದು ಬೇರೆ ಮಾತು. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ 1956ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯ ಬೆನ್ನಲ್ಲೇ 1957ರ ಸಂಪತ್ತು ತೆರಿಗೆ ಕಾಯ್ದೆ ಬಂದಿತು. ಆಗ ಅದರ ವ್ಯಾಪ್ತಿ ದೊಡ್ಡದಿತ್ತು. ಉದಾರೀಕರಣದ ನಂತರ, 1993ರಿಂದ, ಷೇರು, ಡಿಬೆಂಚರ್, ಬ್ಯಾಂಕ್ ಠೇವಣಿಗಳೆಲ್ಲವನ್ನೂ ‘ಉತ್ಪಾದಕ ಆಸ್ತಿ’ಗಳೆಂದು ಹೊರಗಿಟ್ಟರು. ತೆರಿಗೆಗೆ ಉಳಿದದ್ದು ಸ್ವಂತ ಬಳಕೆಯ ಮನೆ, ನಗರ ಪ್ರದೇಶದ ಖಾಲಿ ಜಮೀನು, ಒಡವೆ, ಕಾರು, ವಿಹಾರ ನೌಕೆ, ವಿಮಾನ ಮತ್ತು ಐವತ್ತು ಸಾವಿರಕ್ಕೆ ಮೇಲ್ಪಟ್ಟ ನಗದು. ಇವುಗಳಲ್ಲೂ ಒಂದು ಮನೆ ಅಥವಾ ಒಂದು ನಿವೇಶನಕ್ಕೆ ವಿನಾಯಿತಿ ಇತ್ತು. ಕೊನೆಯ ವರ್ಷಗಳಲ್ಲಿ ಮೂವತ್ತು ಲಕ್ಷ ದಾಟಿದ ಮೊತ್ತಕ್ಕೆ ಶೇ 1 ದರವಿತ್ತು.

ಇದರ ಪರಿಣಾಮ ಏನಾಯಿತೆಂದು ಒಂದು ಲೆಕ್ಕದಿಂದ ನೋಡಿ. ಸಾವಿರ ಕೋಟಿಯ ಷೇರುಗಳನ್ನೂ ಒಂದು ಬಂಗಲೆಯನ್ನೂ ಇಟ್ಟುಕೊಂಡವರು ಅವುಗಳ ಮೇಲೆ ಕಟ್ಟಬೇಕಾದ ಸಂಪತ್ತು ತೆರಿಗೆ ಸೊನ್ನೆ. ವಾಸದ ಮನೆಯ ಜೊತೆಗೆ ತಂದೆಯಿಂದ ಬಂದ ಅರವತ್ತು ಲಕ್ಷದ ಖಾಲಿ ನಿವೇಶನವಿದ್ದ ನಿವೃತ್ತ ನೌಕರರು ವರ್ಷಕ್ಕೆ ಮೂವತ್ತು ಸಾವಿರ ಕಟ್ಟಬೇಕಿತ್ತು. ಬೆಲೆ ಕಟ್ಟುವ ನಿಯಮವೂ ಇದೇ ಬಗೆಯದು. ಕಾಯ್ದೆಯ ಮೂರನೆಯ ಅನುಸೂಚಿಯ ಪ್ರಕಾರ ಮನೆಯ ಮೌಲ್ಯವೆಂದರೆ ಅದರ ನಿವ್ವಳ ವಾರ್ಷಿಕ ಬಾಡಿಗೆಯ ಹನ್ನೆರಡೂವರೆ ಪಟ್ಟು. ಹಳೆಯ ಅಗ್ರಹಾರದ ದೊಡ್ಡ ಮನೆಯೊಂದಕ್ಕೆ ಪಾಲಿಕೆಯ ದಾಖಲೆಯಲ್ಲಿ ವಾರ್ಷಿಕ ಬಾಡಿಗೆ ಮೌಲ್ಯ 1,20,000 ರೂಪಾಯಿ ಎಂದಿದ್ದರೆ, ನಿರ್ವಹಣೆಗೆಂದು ಶೇ 15 ಕಳೆದು 1,02,000 ಉಳಿಯುತ್ತಿತ್ತು. ಅದರ ಹನ್ನೆರಡೂವರೆ ಪಟ್ಟು 12,75,000. ಆ ಮನೆ ಮಾರುಕಟ್ಟೆಯಲ್ಲಿ ಕೋಟಿಗಟ್ಟಲೆ ಬಾಳಿದರೂ ರಿಟರ್ನ್ಸ್‌ನಲ್ಲಿ ನಾವು ಕಾನೂನುಬದ್ಧವಾಗಿಯೇ ಬರೆಯುತ್ತಿದ್ದ ಸಂಖ್ಯೆ ಅದು. ಆದ್ದರಿಂದ ಆ 1,008 ಕೋಟಿ ಹೇಳುವುದು, ನಿಜವಾದ ಸಂಪತ್ತನ್ನು ಹೊರಗಿಟ್ಟು ಬರೆದ ಕಾನೂನಿನಿಂದ ಹಣ ಬರುವುದಿಲ್ಲ ಎಂಬುದನ್ನು ಮಾತ್ರ. ಶ್ರೀಮಂತರ ಸಂಪತ್ತಿನ ಮೇಲೆ ತೆರಿಗೆ ವಸೂಲಿ ಅಸಾಧ್ಯವೆಂಬುದಕ್ಕೆ ಅದು ಸಾಕ್ಷಿಯಲ್ಲ.

ಈಗ ಪರವಾದ ವಾದಕ್ಕೆ ಬರುತ್ತೇನೆ. ಶೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯೊಂದರ ಪ್ರವರ್ತಕರ ಬಳಿ ಸಾವಿರ ಕೋಟಿ ಬೆಲೆಯ ಷೇರುಗಳಿವೆ ಎಂದುಕೊಳ್ಳಿ. ಕಂಪನಿಯು ಶೇ 1ರಷ್ಟು ಲಾಭಾಂಶ ಕೊಟ್ಟರೆ ಅವರಿಗೆ ಕೈಗೆ ಬರುವುದು ಹತ್ತು ಕೋಟಿ. ಅದರ ಮೇಲೆ ಶೇ 30 ತೆರಿಗೆ, ಲಾಭಾಂಶಕ್ಕೆ ಇರುವ ಶೇ 15ರ ಸರ್ಚಾರ್ಜ್ ಮಿತಿ ಮತ್ತು ಶೇ 4 ಸೆಸ್ ಸೇರಿ ಸುಮಾರು 3.6 ಕೋಟಿ ಕಟ್ಟುತ್ತಾರೆ. ಅದೇ ವರ್ಷ ಷೇರುಗಳ ಬೆಲೆ ಶೇ 12 ಏರಿದರೆ ಅವರ ಸಂಪತ್ತಿಗೆ ಇನ್ನೂ 120 ಕೋಟಿ ಸೇರುತ್ತದೆ. ಮಾರದ ಷೇರಿನ ಏರಿಕೆ ಆದಾಯವಲ್ಲವಾದ್ದರಿಂದ ಅದಕ್ಕೆ ತೆರಿಗೆಯಿಲ್ಲ. ಹೀಗೆ ಒಟ್ಟು 130 ಕೋಟಿ ಗಳಿಕೆಯ ಮೇಲೆ ಅವರ ತೆರಿಗೆ ಶೇ 3ಕ್ಕಿಂತ ಕಡಿಮೆ. ಇಪ್ಪತ್ತೈದು ಲಕ್ಷ ಸಂಬಳ ಪಡೆಯುವ ಇಂಜಿನಿಯರ್, 2025–26ರ ಹೊಸ ಪದ್ಧತಿಯಲ್ಲಿ, ಸುಮಾರು ಶೇ 13 ಕಟ್ಟುತ್ತಾರೆ. ಅವರ ತೆರಿಗೆ ಸಂಬಳ ಕೈಸೇರುವ ಮೊದಲೇ ಕಡಿತವಾಗಿರುತ್ತದೆ.

ಷೇರು ಮಾರಿದಾಗ ಬಂಡವಾಳ ಲಾಭದ ತೆರಿಗೆ ಬಂದೇ ಬರುತ್ತದಲ್ಲವೇ ಎಂದು ವಿರೋಧಿಗಳು ಕೇಳುತ್ತಾರೆ. ಮಾರಿದರೆ ಬರುತ್ತದೆ, ನಿಜ. ಆದರೆ ಕಂಪನಿಯ ಹಿಡಿತ ಬಿಡಲೊಲ್ಲದ ಕುಟುಂಬ ಮಾರುವುದೇ ಇಲ್ಲ. ಹಣ ಬೇಕಾದರೆ ಷೇರುಗಳನ್ನು ಅಡವಿಟ್ಟು ಸಾಲ ಪಡೆಯುತ್ತದೆ, ಮುಂದಿನ ಪೀಳಿಗೆಗೆ ಕುಟುಂಬದ ಟ್ರಸ್ಟ್ ಮೂಲಕ ದಾಟಿಸುತ್ತದೆ. ಮರಣಾನಂತರದ ಆಸ್ತಿಯ ಮೇಲಿದ್ದ ಎಸ್ಟೇಟ್ ಸುಂಕವನ್ನು 1985ರಲ್ಲೇ ರದ್ದುಪಡಿಸಿರುವುದರಿಂದ ಆ ದಾರಿಯಲ್ಲೂ ಏನೂ ಬರುವುದಿಲ್ಲ. ವಾರ್ಷಿಕ ಸಂಪತ್ತು ತೆರಿಗೆಯ ಪರವಾಗಿ ನನಗೆ ಬಹಳ ಬಲವಾಗಿ ಕಾಣುವ ವಾದ ಇದೇ.

2024ರಲ್ಲಿ ಜಿ-20ರ ಅಧ್ಯಕ್ಷತೆ ವಹಿಸಿದ್ದ ಬ್ರೆಜಿಲ್‌ಗಾಗಿ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್‌ಮನ್ ಮುಂದಿಟ್ಟ ಸೂತ್ರ ಈ ಕೊರತೆಯನ್ನೇ ಗುರಿಯಾಗಿಸುತ್ತದೆ. ನೂರು ಕೋಟಿ ಡಾಲರ್‌ಗಿಂತ ಹೆಚ್ಚು ಸಂಪತ್ತುಳ್ಳವರು ವರ್ಷಕ್ಕೆ ತಮ್ಮ ಸಂಪತ್ತಿನ ಕನಿಷ್ಠ ಶೇ 2ರಷ್ಟನ್ನಾದರೂ ತೆರಿಗೆಯಾಗಿ ಕೊಡಬೇಕು. ಆಗಲೇ ಕಟ್ಟಿದ ಆದಾಯ ತೆರಿಗೆಯನ್ನು ಅದರಿಂದ ಕಳೆಯಬೇಕು. ಮೇಲಿನ ಪ್ರವರ್ತಕರು ಆ ಮಿತಿಯೊಳಗೆ ಬರದಿದ್ದರೂ ಲೆಕ್ಕಕ್ಕಾಗಿ ಅವರಿಗೇ ಅನ್ವಯಿಸೋಣ. ಒಟ್ಟು ತೆರಿಗೆ ಇಪ್ಪತ್ತು ಕೋಟಿಯಾಗುತ್ತದೆ. ಲಾಭಾಂಶದ ಹತ್ತು ಕೋಟಿಯನ್ನೂ ಅದಕ್ಕೇ ಕೊಟ್ಟರೂ ಉಳಿದ ಹತ್ತು ಕೋಟಿಗೆ ಅವರು ಪ್ರತಿ ವರ್ಷ ತಮ್ಮ ಪಾಲಿನ ನೂರರಲ್ಲಿ ಒಂದರಷ್ಟು ಷೇರು ಮಾರಬೇಕು. ಇದು ನಿಧಾನವಾಗಿ ಕುಟುಂಬದ ಹಿಡಿತವನ್ನು ಸಡಿಲಿಸುತ್ತದೆಂಬ ಆಕ್ಷೇಪ ಸುಳ್ಳಲ್ಲ. ಆದರೆ ಬೆಲೆ ಶೇ 12ರಂತೆ ಏರುತ್ತಿರುವಾಗ ಅದು ಅನ್ಯಾಯವೆಂದು ನನಗನ್ನಿಸುವುದಿಲ್ಲ.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚುವುದು ಬೆಲೆ ಕಟ್ಟುವ ಪ್ರಶ್ನೆ. ಪೇಟೆಯಲ್ಲಿ ವಹಿವಾಟಾಗುವ ಷೇರಿಗೆ ದಿನದ ದರವಿದೆ. ಪೇಟೆಗೆ ಬಾರದ ಕಂಪನಿಗೆ ಬೆಲೆಯೆಂದರೆ ಕೊನೆಯ ಹೂಡಿಕೆದಾರ ಕೊಟ್ಟ ದರ, ಇಲ್ಲವೇ ಮೌಲ್ಯಮಾಪಕರ ಅಂದಾಜು. ಬೆಂಗಳೂರಿನ ಬೈಜೂಸ್ ಕಂಪನಿಗೆ 2022ರಲ್ಲಿ ಹೂಡಿಕೆದಾರರು 2,200 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. 2024ರಲ್ಲಿ ಅದು ದಿವಾಳಿ ಪ್ರಕ್ರಿಯೆಯಲ್ಲಿತ್ತು. ಮೊದಲ ವರ್ಷದ ಕಾಗದದ ಬೆಲೆಗೆ ಶೇ 2 ತೆರಿಗೆ ಕೇಳಿದ್ದರೆ ಸಂಸ್ಥಾಪಕರು ಆ ನಗದನ್ನು ತರಬೇಕಿದ್ದದ್ದು ಕೊಳ್ಳುವವರೇ ವಿರಳವಾದ ಷೇರುಗಳನ್ನು ಮಾರಿ, ಮತ್ತು ಮರುವರ್ಷ ಆ ಸಂಪತ್ತೇ ಇಲ್ಲವಾದಾಗ ಕಟ್ಟಿದ ತೆರಿಗೆ ಹಿಂದಿರುಗುವುದಿಲ್ಲ. ಇದಕ್ಕೆ ವಿರುದ್ಧವಾದ ದೋಷವೂ ಇದೆ. ಜರ್ಮನಿಯಲ್ಲಿ ಹಣಕಾಸು ಆಸ್ತಿಗಳಿಗೆ ಇಂದಿನ ಬೆಲೆ, ಭೂಮಿ ಮತ್ತು ಕಟ್ಟಡಗಳಿಗೆ 1964ರ ಬೆಲೆ ಎಂಬ ವ್ಯವಸ್ಥೆಯಿತ್ತು. ಇದು ಸಮಾನತೆಗೆ ವಿರುದ್ಧವೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 1995ರಲ್ಲಿ ಹೇಳಿದ ಮೇಲೆ 1997ರಿಂದ ತೆರಿಗೆಯ ವಸೂಲಿಯೇ ನಿಂತುಹೋಯಿತು. ಅಗ್ರಹಾರದ ಮನೆಯ ಹನ್ನೆರಡೂವರೆ ಪಟ್ಟಿನ ಲೆಕ್ಕ ಆ ರೀತಿಯ ಪರೀಕ್ಷೆಯಲ್ಲಿ ನಿಲ್ಲುತ್ತಿತ್ತೇ ಎಂಬ ಸಂಶಯ ನನಗಿದೆ.

ನಗದಿನ ಕೊರತೆಯ ತೊಂದರೆ ಎಂಥದ್ದೆಂಬುದಕ್ಕೆ ಬೆಂಗಳೂರಿನಿಂದಲೇ ಸುಪ್ರೀಂ ಕೋರ್ಟ್‌ವರೆಗೆ ಹೋದ ಒಂದು ಪ್ರಕರಣವಿದೆ. ಹಿಂದೂ ಅವಿಭಕ್ತ ಕುಟುಂಬವೊಂದು ತನ್ನ ಜಮೀನನ್ನು ಕಟ್ಟಡ ನಿರ್ಮಾಣಕ್ಕೆ ಡೆವಲಪರ್‌ಗೆ ಒಪ್ಪಿಸಿತ್ತು. ಕಟ್ಟಡ ಏಳುತ್ತಿರುವುದರಿಂದ ಅದು ಖಾಲಿ ನಗರ ಜಮೀನಲ್ಲ ಎಂಬುದು ಕುಟುಂಬದ ವಾದ. ಕಟ್ಟಡ ಪೂರ್ಣವಾಗುವವರೆಗೂ ಅದು ತೆರಿಗೆಗೆ ಒಳಪಡುವ ನಗರ ಜಮೀನೇ ಎಂದು 2016ರಲ್ಲಿ ತೀರ್ಪು ಬಂದಿತು. ಕಾನೂನಿನ ಭಾಷೆ ಹಾಗಿತ್ತು, ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಜಮೀನಿನಿಂದ ಬಿಡಿಗಾಸೂ ಬಾರದ ವರ್ಷಗಳಲ್ಲೇ ತೆರಿಗೆ ಬಾಕಿ ಬೀಳುತ್ತದೆ. ಅಂಥವರಿಗೆ ಬಡ್ಡಿ ಸಹಿತ ಮುಂದೂಡಿಕೆಯ ಅವಕಾಶ ಕೊಡದ ಕಾನೂನು ದೊಡ್ಡ ಕುಳಗಳಿಗಿಂತ ಮೊದಲು ಮಧ್ಯಮದವರನ್ನು ಹಿಂಡುತ್ತದೆ.

ಶ್ರೀಮಂತರು ದೇಶ ಬಿಟ್ಟು ಹೋಗುತ್ತಾರೆ ಎಂಬುದು ಮತ್ತೊಂದು ವಾದ. ನಾರ್ವೆಯಲ್ಲಿ 2022ರಲ್ಲಿ ದರ ಏರಿಸಿದಾಗ ಹಲವು ಅತಿ ಶ್ರೀಮಂತರು ಸ್ವಿಟ್ಜರ್ಲೆಂಡಿಗೆ ವಾಸ ಬದಲಿಸಿದ್ದು ನಿಜ. ಸ್ವಿಟ್ಜರ್ಲೆಂಡಿನ ಪ್ರಾಂತ್ಯಗಳೂ ಪ್ರತಿ ವರ್ಷ ಸಂಪತ್ತು ತೆರಿಗೆ ವಿಧಿಸುತ್ತವೆ, ಅಲ್ಲಿ ಅದು ದಶಕಗಳಿಂದ ನೆಲೆಯೂರಿ ನಡೆದಿದೆ ಎಂಬುದನ್ನೂ ಇದರ ಜೊತೆಗೇ ಗಮನಿಸಬೇಕು. ಭಾರತದ ಪ್ರವರ್ತಕರ ವಿಷಯದಲ್ಲಿ ನಾನು ಈ ಭಯವನ್ನು ಪೂರ್ತಿ ಒಪ್ಪುವುದಿಲ್ಲ. ಅವರು ದುಬೈಗೆ ಹೋಗಬಹುದು, ಆದರೆ ಇಲ್ಲಿನ ಕಂಪನಿಯ ಷೇರು ಇಲ್ಲಿನ ಆಸ್ತಿಯಾಗಿಯೇ ಉಳಿಯುತ್ತದೆ. ನಮ್ಮ ಹಳೆಯ ಕಾಯ್ದೆಯೂ ಅನಿವಾಸಿಗಳ ಭಾರತದೊಳಗಿನ ಆಸ್ತಿಯನ್ನು ಬಿಟ್ಟಿರಲಿಲ್ಲ. ಹಿಡಿತಕ್ಕೆ ಸಿಗದೇ ಹೋಗುವುದು ಆರಂಭದಲ್ಲೇ ಸಿಂಗಪುರದಲ್ಲೋ ಅಮೆರಿಕದಲ್ಲೋ ಹೋಲ್ಡಿಂಗ್ ಕಂಪನಿ ಸ್ಥಾಪಿಸಿಕೊಂಡ ನವೋದ್ಯಮಗಳು, ಮತ್ತು ಅಲ್ಲಿ ಸೋರಿಕೆ ದೊಡ್ಡದಾಗಿಯೇ ಇರುತ್ತದೆ.

ನನ್ನ ನಿಲುವು ಕೇಳಿದ್ದೀರಿ. ಮಿತಿಯನ್ನು ನೂರಾರು ಕೋಟಿಯ ಮಟ್ಟದಲ್ಲಿಟ್ಟು, ಕಟ್ಟಿದ ಆದಾಯ ತೆರಿಗೆಯನ್ನು ಕಳೆಯುವ ಕನಿಷ್ಠ ತೆರಿಗೆಯ ರೂಪದಲ್ಲಿ ಬಂದರೆ ನಾನು ಅದರ ಪರ. ಪೇಟೆಗೆ ಬಾರದ ಷೇರಿಗೆ ನಗದಿನ ಬದಲು ಷೇರುಗಳನ್ನೇ ತೆರಿಗೆಯಾಗಿ ಕೊಡುವ ಆಯ್ಕೆ ಇದ್ದರೆ ಬೆಲೆಯ ಜಗಳದ ಬಹುಪಾಲು ತಪ್ಪುತ್ತದೆ. ಬೆಲೆ ಹೆಚ್ಚು ಕಟ್ಟಿದ್ದಾರೆಂದು ಅನ್ನಿಸಿದವರು ಆ ಬೆಲೆಗೇ ಷೇರು ಕೊಟ್ಟು ಕೈತೊಳೆದುಕೊಳ್ಳಬಹುದು. 1957ರ ಕಾಯ್ದೆಯನ್ನು ಅದರ ವಿನಾಯಿತಿಗಳ ಸಮೇತ ಮರಳಿ ತರುವುದಾದರೆ ನಾನು ವಿರೋಧಿಸುತ್ತೇನೆ.

ವಿನಾಯಿತಿಗಳಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಕೃಷಿ ಭೂಮಿ. ಸಂವಿಧಾನದ ಕೇಂದ್ರ ಪಟ್ಟಿಯ 86ನೆಯ ನಮೂದು ಆಸ್ತಿಯ ಬಂಡವಾಳ ಮೌಲ್ಯದ ಮೇಲಿನ ತೆರಿಗೆಯನ್ನು ಕೇಂದ್ರಕ್ಕೆ ಕೊಡುವಾಗ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. 1969ರಲ್ಲಿ ಸಂಸತ್ತು ಅದನ್ನೂ ಸಂಪತ್ತು ತೆರಿಗೆಯೊಳಗೆ ತಂದಾಗ ಪ್ರಶ್ನೆ ಸುಪ್ರೀಂ ಕೋರ್ಟ್ ಮುಟ್ಟಿತು. 1971ರ ಧಿಲ್ಲೋನ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸಂಸತ್ತಿಗೆ ಆ ಅಧಿಕಾರವಿದೆ ಎಂದರು. ಅಂದರೆ ಕಾನೂನಿನ ಅಡ್ಡಿ ಇಲ್ಲ, ರಾಜಕೀಯದ ಅಡ್ಡಿ ಮಾತ್ರ ಇದೆ. ಇದನ್ನು ಹೊರಗಿಟ್ಟು ಕಾನೂನು ಮಾಡಿದರೆ ನೂರಾರು ಕೋಟಿಯ ಹಣ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ದೇವನಹಳ್ಳಿ, ಆನೇಕಲ್ ಸುತ್ತಲಿನ ಹೊಲಗಳಿಗೂ ನುಗ್ಗುತ್ತದೆ. ಅತಿ ಶ್ರೀಮಂತರಿಗೆ ತೆರಿಗೆ ತಪ್ಪುವುದಲ್ಲದೆ, ಅಲ್ಲಿ ಬೇಸಾಯ ಮಾಡುವವರಿಗೆ ಇನ್ನೊಂದು ಎಕರೆ ಕೊಳ್ಳುವುದೂ ಅಸಾಧ್ಯವಾಗುತ್ತದೆ.