ಓಪನ್ ಸಂಬಂಧದಲ್ಲೂ ಮೋಸ ಇರುತ್ತದೆಯೇ?

ಪ್ರಶ್ನೆ: ನನಗೆ 34 ವರ್ಷ. ಒಂದು ವರ್ಷದ ಹಿಂದೆ ಗಂಡನೂ ನಾನೂ ಕೂತು ಮಾತಾಡಿ ನಮ್ಮ ದಾಂಪತ್ಯವನ್ನು ಓಪನ್ ಮಾಡಿಕೊಂಡೆವು. ಬೇರೆಯವರ ಜೊತೆ ಸಂಬಂಧ ಇಟ್ಟುಕೊಳ್ಳಬಹುದು, ಆದರೆ ಮೊದಲೇ ಹೇಳಬೇಕು, ಕಾಂಡೋಮ್ ಇಲ್ಲದೆ ಬೇಡ ಅಂತ ಇಬ್ಬರೂ ಒಪ್ಪಿದ್ದೆವು. ಅವರು ಮೂರು ತಿಂಗಳಿಂದ ಒಬ್ಬರನ್ನು ನನಗೆ ಹೇಳದೆ ಭೇಟಿಯಾಗುತ್ತಿದ್ದಾರೆ ಅಂತ ಕಳೆದ ವಾರ ಗೊತ್ತಾಯಿತು. ಎರಡು ಸಲ ಕಾಂಡೋಮ್ ಕೂಡ ಬಳಸಿಲ್ಲ. ಕೇಳಿದರೆ, 'ನಾವು ಓಪನ್ ಅಲ್ವಾ, ಇದರಲ್ಲಿ ಮೋಸ ಎಲ್ಲಿ ಬಂತು?' ಅನ್ನುತ್ತಾರೆ. ಇದು ಮೋಸವೋ ಅಲ್ಲವೋ? ನಾನೇ ಅತಿಯಾಗಿ ಆಡುತ್ತಿದ್ದೇನಾ? ಮುಂದೆ ಏನು ಮಾಡಲಿ?
— ಹೆಸರು ಬೇಡ

ಉತ್ತರ: ಇದು ಮೋಸ. ನೀವು ಅತಿಯಾಗಿ ಆಡುತ್ತಿಲ್ಲ.

ಮೂರನೆಯವರು ಇದ್ದಾರೆ ಅನ್ನುವುದರಿಂದ ಯಾವ ಸಂಬಂಧವೂ ಮೋಸ ಆಗುವುದಿಲ್ಲ, ಅನುಮತಿ ಇತ್ತು ಅನ್ನುವುದರಿಂದ ಎಲ್ಲವೂ ಸರಿಯಾಗುವುದೂ ಇಲ್ಲ. ನೋಡಬೇಕಾದ್ದು ಒಂದೇ. ನಿಮಗೆ ಗೊತ್ತಿರಬೇಕಾದ ಸಂಗತಿಯನ್ನು ನಿಮ್ಮಿಂದ ಮುಚ್ಚಿಟ್ಟು, ನಿಮ್ಮ ಪಾಲಿನ ನಿರ್ಧಾರವನ್ನು ಅವರೇ ತೆಗೆದುಕೊಂಡರಾ? ಈ ಮೂರು ತಿಂಗಳಲ್ಲಿ ನೀವು ಗಂಡನ ಜೊತೆ ಕಾಂಡೋಮ್ ಇಲ್ಲದೆ ಮಲಗಿದ್ದರೆ, ಅದಕ್ಕೆ ಒಪ್ಪಿದ್ದು ಅವರು ಹೊರಗೆ ರಕ್ಷಣೆ ಬಳಸುತ್ತಾರೆ ಎಂಬ ನಂಬಿಕೆಯಿಂದ. ವಿಷಯ ತಿಳಿದಿದ್ದರೆ ನೀವು ಬೇಡ ಅನ್ನುತ್ತಿದ್ದಿರೇನೋ. ಹಾಗೆ ಅನ್ನುವ ಅವಕಾಶವನ್ನೇ ಅವರು ನಿಮಗೆ ಕೊಡಲಿಲ್ಲ. ನೈತಿಕ ಬಹುಸಂಬಂಧ ನಿಂತಿರುವುದು ಎಲ್ಲರಿಗೂ ಗೊತ್ತಿದೆ, ಎಲ್ಲರೂ ಒಪ್ಪಿದ್ದಾರೆ ಎಂಬ ಆಧಾರದ ಮೇಲೆ. ದೇಹಸಂಬಂಧ ಮಾತ್ರ ಹೊರಗಿರಲಿ ಅನ್ನುವವರಿಗೂ, ಪ್ರೀತಿಯೂ ಒಬ್ಬರಿಗಿಂತ ಹೆಚ್ಚು ಜನರ ಜೊತೆ ಇರಬಹುದು ಅನ್ನುವ ಪಾಲಿಅಮೊರಿಯವರಿಗೂ ಇದು ಒಂದೇ.

ಆದರೆ ಅವರು ಮುರಿದ ಎರಡು ಮಾತುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕಾಂಡೋಮ್ ಮಾತಿನಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. 'ಮೊದಲೇ ಹೇಳಬೇಕು' ಅನ್ನುವುದು ಮಾತ್ರ ಸ್ವಲ್ಪ ಸಡಿಲ. ಯಾವುದಕ್ಕೆ ಮೊದಲು? ಮೊದಲ ಮೆಸೇಜಿಗಾ, ಮೊದಲ ಭೇಟಿಗಾ, ಮೊದಲ ಮುತ್ತಿಗಾ? ನಾನು ಜೋಡಿಗಳ ಜೊತೆ ಮಾತಾಡುವಾಗ ಇಬ್ಬರಿಗೂ ಬೇರೆ ಬೇರೆಯಾಗಿ ಇದನ್ನು ಕೇಳುತ್ತೇನೆ. ಇಬ್ಬರ ಉತ್ತರ ಒಂದೇ ಇರುವುದು ಅಪರೂಪ. ಹಾಗಾಗಿ ಅವರು ಮೊದಲ ಒಂದೆರಡು ಭೇಟಿಯನ್ನು ಹೇಳದಿದ್ದರೆ ಅದನ್ನು ತಪ್ಪು ತಿಳಿವಳಿಕೆ ಅನ್ನಬಹುದಿತ್ತು. ಮೂರು ತಿಂಗಳ ಮೌನಕ್ಕೆ ಆ ಹೆಸರು ಕೊಡಲು ಆಗುವುದಿಲ್ಲ. ತಪ್ಪು ತಿಳಿದವರು ಬಚ್ಚಿಡುವುದಿಲ್ಲ. ಮೆಸೇಜ್ ಅಳಿಸಿದ್ದಾರಾ, ಎಲ್ಲಿದ್ದೀರಿ ಅಂದಾಗ ಬೇರೆ ಜಾಗ ಹೇಳಿದ್ದಾರಾ, ಆ ವ್ಯಕ್ತಿಯ ಹೆಸರು ಬಂದಾಗ ಮಾತು ತಿರುಗಿಸಿದ್ದಾರಾ, ಇದನ್ನೆಲ್ಲ ನೆನಪಿಸಿಕೊಳ್ಳಿ. ಇವು ನಡೆದಿದ್ದರೆ, ತಾವು ಮಾಡುತ್ತಿರುವುದು ಒಪ್ಪಂದದ ಹೊರಗಿದೆ ಅಂತ ಅವರಿಗೆ ಆಗಲೇ ಗೊತ್ತಿತ್ತು.

ಈಗ ಮೊದಲ ಕೆಲಸ ಜಗಳವೂ ಅಲ್ಲ, ಕ್ಷಮೆಯೂ ಅಲ್ಲ. ಲೈಂಗಿಕವಾಗಿ ಹರಡುವ ಸೋಂಕುಗಳ ಪರೀಕ್ಷೆ. ಅವರಿಂದ ಎರಡು ತಾರೀಕು ಕೇಳಿ ಬರೆದಿಟ್ಟುಕೊಳ್ಳಿ. ಆ ವ್ಯಕ್ತಿಯ ಜೊತೆ ಕಾಂಡೋಮ್ ಇಲ್ಲದೆ ಕೊನೆಯದಾಗಿ ಯಾವತ್ತು ಇದ್ದರು, ಆಮೇಲೆ ನಿಮ್ಮ ಜೊತೆ ಕಾಂಡೋಮ್ ಇಲ್ಲದೆ ಕೊನೆಯದಾಗಿ ಯಾವತ್ತು ಇದ್ದರು. ಅವರ ಲೆಕ್ಕ ಮೊದಲ ತಾರೀಕಿನಿಂದ ಶುರು, ನಿಮ್ಮದು ಎರಡನೆಯದರಿಂದ. ತುಂಬ ಜನ ಇಲ್ಲೇ ಎಡವುತ್ತಾರೆ. ಮರುದಿನವೇ ಓಡಿಹೋಗಿ ಪರೀಕ್ಷೆ ಮಾಡಿಸಿ, 'ಏನೂ ಇಲ್ಲ' ಅಂತ ಬಂದ ತಕ್ಷಣ ನಿರಾಳ ಆಗಿಬಿಡುತ್ತಾರೆ. ಸೋಂಕು ತಗುಲಿದ ತಕ್ಷಣ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ಗೊನೋರಿಯಾ ಮತ್ತು ಕ್ಲಮೀಡಿಯಾ ಕಾಣಲು ಸುಮಾರು 2 ವಾರ ಬೇಕು. ಎಚ್‌ಐವಿಗೆ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ಆಂಟಿಜೆನ್-ಆಂಟಿಬಾಡಿ ಪರೀಕ್ಷೆಯಾದರೆ 45 ದಿನ ಕಳೆದ ಮೇಲೆ ಬರುವ ಫಲಿತಾಂಶವನ್ನು ನಂಬಬಹುದು. ಸಿಫಿಲಿಸ್‌ಗೆ 90 ದಿನದವರೆಗೂ ಕಾಯಬೇಕಾಗಬಹುದು. ಆದ್ದರಿಂದ ಒಂದು ಸಲ ಈಗ, ಇನ್ನೊಂದು ಸಲ ಈ ಅವಧಿ ಮುಗಿದ ಮೇಲೆ ಮಾಡಿಸಿ. ವೈದ್ಯರಿಗೆ ನಡೆದದ್ದನ್ನು ನೇರವಾಗಿ ಹೇಳಿ. ಬಾಯಿಯ ಅಥವಾ ಗುದದ ಮೂಲಕ ಸಂಬಂಧ ಆಗಿದ್ದರೆ ಅದನ್ನೂ ಹೇಳಿ. ಗಂಟಲಿನಲ್ಲಿರುವ ಗೊನೋರಿಯಾ ಮೂತ್ರದ ಪರೀಕ್ಷೆಯಲ್ಲಿ ಸಿಗುವುದಿಲ್ಲ.

ನಿಮ್ಮಿಬ್ಬರ ಕೊನೆಯ ಸಂಪರ್ಕ ಕಳೆದ 72 ಗಂಟೆಯೊಳಗೆ ಆಗಿದ್ದರೆ ಇವತ್ತೇ ವೈದ್ಯರ ಹತ್ತಿರ ಹೋಗಿ. ಎಚ್‌ಐವಿ ತಡೆಯಲು 28 ದಿನ ನುಂಗುವ ಮಾತ್ರೆ ಇದೆ, ಅದು ನಿಮಗೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಕೊನೆಯ ಫಲಿತಾಂಶ ಬರುವ ತನಕ ಗಂಡನ ಜೊತೆ ಕಾಂಡೋಮ್ ಇರಲಿ, ಅಥವಾ ಸಂಬಂಧವೇ ಬೇಡ. ಇದನ್ನು ಶಿಕ್ಷೆ ಅಂತ ಅವರು ಅಂದುಕೊಂಡರೆ ಅಂದುಕೊಳ್ಳಲಿ. ನಿಮ್ಮ ದೇಹದ ವಿಷಯದಲ್ಲಿ ಇದನ್ನು ತೀರ್ಮಾನಿಸಲು ನಿಮಗೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಬಚ್ಚಿಡುವುದಕ್ಕೂ ಆರೋಗ್ಯಕ್ಕೂ ನಂಟಿದೆ. 2012ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಟೆರ್ರಿ ಕಾನ್ಲಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಸಂಗಾತಿಗೆ ತಿಳಿಯದಂತೆ ಸಂಬಂಧ ಇಟ್ಟುಕೊಂಡವರು, ಪರಸ್ಪರ ಒಪ್ಪಿ ಓಪನ್ ಆಗಿರುವವರಿಗಿಂತ ಕಡಿಮೆ ರಕ್ಷಣೆ ಬಳಸುತ್ತಾರೆ ಅನ್ನುವುದು ಅವರಿಗೆ ಕಂಡುಬಂದಿತ್ತು. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಮನೆಯಲ್ಲಿ ಎಲ್ಲವನ್ನೂ ಹೇಳಬಹುದಾದವರು ಕಾಂಡೋಮ್ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಾರೆ. ಮುಚ್ಚಿಡುವವರಿಗೆ ಅದೇ ಸಿಕ್ಕಿಬೀಳಿಸುವ ಸಾಕ್ಷಿ. ನಿಮ್ಮ ಗಂಡನ ವಿಷಯದಲ್ಲೂ ಮುಚ್ಚಿಟ್ಟದ್ದು, ಕಾಂಡೋಮ್ ಬಿಟ್ಟದ್ದು ಎರಡೂ ಜೊತೆಯಾಗಿ ಬಂದಿವೆ, ಗಮನಿಸಿ.

ಇನ್ನೊಬ್ಬರ ವಿಚಾರವೂ ಇದೆ. ನಿಮ್ಮ ಗಂಡ ಮದುವೆಯಾದವರು, ಹೆಂಡತಿಯ ಜೊತೆ ಈ ರೀತಿಯ ಒಪ್ಪಂದ ಇದೆ ಅಂತ ಆ ವ್ಯಕ್ತಿಗೆ ಗೊತ್ತಿದೆಯಾ? 'ಹೆಂಡತಿಗೆ ಎಲ್ಲ ಗೊತ್ತು' ಅಂತ ನಂಬಿಸಿರಬಹುದು. ಹಾಗಿದ್ದರೆ ಮೋಸ ಹೋದವರು ನೀವೊಬ್ಬರೇ ಅಲ್ಲ. ಪರೀಕ್ಷೆಯ ವಿಷಯವನ್ನು ಆ ವ್ಯಕ್ತಿಗೂ ತಿಳಿಸುವುದು ಗಂಡನ ಹೊಣೆ, ನಿಮ್ಮದಲ್ಲ.

ಇನ್ನು ಮುಂದಿನದು. ಮುಂದುವರಿಸುವ ಮನಸ್ಸಿದ್ದರೆ, ಮೊದಲು ಕೆಲವು ತಿಂಗಳು ಹೊಸ ಸಂಬಂಧಗಳಿಗೆ ವಿರಾಮ ಕೊಡಿ. ಆ ವಿರಾಮದಲ್ಲಿ ಒಪ್ಪಂದವನ್ನು ಹೊಸದಾಗಿ, ಬರೆದೇ ಮಾಡಿಕೊಳ್ಳಿ. ಕಾಗದಕ್ಕೆ ಇಳಿಸುವಾಗ ಪ್ರತಿ ಮಾತಿಗೂ 'ಯಾವಾಗ, ಎಷ್ಟು' ಎಂದು ಕೇಳಬೇಕಾಗುತ್ತದೆ, ಅದೇ ಇದರ ಲಾಭ. ಉದಾಹರಣೆಗೆ 'ಮೊದಲೇ ಹೇಳಬೇಕು' ಅನ್ನುವುದು ಹೀಗಾಗಬಹುದು: 'ಯಾರ ಜೊತೆಯಾದರೂ ದೇಹಸಂಬಂಧದ ಸಾಧ್ಯತೆ ಇದೆ ಅನ್ನಿಸಿದರೆ, ಅದು ಆಗುವ ಮುಂಚೆ, ಎದುರು ಕೂತು ಹೇಳುತ್ತೇನೆ. ಹೆಸರು, ಎಲ್ಲಿ ಪರಿಚಯ, ಕೊನೆಯ ಪರೀಕ್ಷೆ ಯಾವಾಗ ಆಗಿದೆ, ಇಷ್ಟು ಹೇಳುತ್ತೇನೆ. ಹಾಸಿಗೆಯ ವಿವರ ಕೇಳಿದರೆ ಮಾತ್ರ ಹೇಳುತ್ತೇನೆ.' ಕೊನೆಯ ವಾಕ್ಯ ಸಣ್ಣದು ಅನ್ನಿಸಬಹುದು. ಆದರೆ ಒಬ್ಬರಿಗೆ ವಿವರ ಕೇಳಿದರೆ ನೆಮ್ಮದಿ, ಇನ್ನೊಬ್ಬರಿಗೆ ವಾರಗಟ್ಟಲೆ ನಿದ್ದೆ ಬರುವುದಿಲ್ಲ. ನಿಮಗೆ ಎಷ್ಟು ಗೊತ್ತಾಗಬೇಕು ಅನ್ನುವುದನ್ನು ನೀವೇ ಹೇಳಬೇಕು. 'ಕೇಳಬೇಡ, ಹೇಳಬೇಡ' ಅನ್ನುವ ಒಪ್ಪಂದ ಮಾಡಿಕೊಂಡವರೂ ಇದ್ದಾರೆ. ನಿಮ್ಮಿಬ್ಬರಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ. ಈಗಾಗಲೇ ಬಚ್ಚಿಟ್ಟ ಮನೆಯಲ್ಲಿ ಅದು ಬಚ್ಚಿಡಲು ಸಿಕ್ಕ ಪರವಾನಗಿ ಆಗಿಬಿಡುತ್ತದೆ.

ಜನ ಸಾಮಾನ್ಯವಾಗಿ ಬರೆಯುವುದನ್ನು ಮರೆಯುವ ಒಂದು ಮಾತಿದೆ. ಮಾತು ತಪ್ಪಿದರೆ ಏನು ಮಾಡಬೇಕು? ಕಾಂಡೋಮ್ ಹರಿಯಬಹುದು, ಆ ಹೊತ್ತಿನಲ್ಲಿ ವಿವೇಕ ಕೈಕೊಡಬಹುದು. ಹಾಗಾದಾಗ 'ನಾವಿಬ್ಬರೂ ಮತ್ತೆ ಹತ್ತಿರ ಬರುವ ಮುಂಚೆ ಹೇಳಲೇಬೇಕು' ಅಂತ ಬರೆಯಿರಿ. ಹೇಳಿದಾಗ ಕೇಳುವವರು ಏನು ಮಾಡುತ್ತಾರೆ ಅನ್ನುವುದನ್ನೂ ಬರೆಯಿರಿ, ಅಂದರೆ ಪರೀಕ್ಷೆ ಆಗುವ ತನಕ ಕಾಂಡೋಮ್, ಅಷ್ಟು ದಿನ ಹೊರಗಿನ ಭೇಟಿ ಇಲ್ಲ. ಹೇಳಿದರೆ ಸಂಸಾರವೇ ಮುಗಿಯಿತು ಅನ್ನುವ ಭಯ ಇದ್ದ ಕಡೆ ಯಾರೂ ಹೇಳುವುದಿಲ್ಲ.

'ಪ್ರೀತಿ ಆಗಬಾರದು' ಅಂತ ಮಾತ್ರ ಬರೆಯಬೇಡಿ. ತುಂಬ ಒಪ್ಪಂದಗಳು ಮುರಿಯುವುದು ಇಲ್ಲೇ. ಮನಸ್ಸಿಗೆ ಏನು ಅನ್ನಿಸಬೇಕು ಅಂತ ಯಾರೂ ಮಾತು ಕೊಡಲು ಆಗುವುದಿಲ್ಲ, ಏನು ಮಾಡುತ್ತೇನೆ ಅಂತ ಮಾತ್ರ ಕೊಡಬಹುದು. ಆದ್ದರಿಂದ 'ಹತ್ತಿರವಾಗುತ್ತಿದ್ದೇನೆ ಅನ್ನಿಸಿದ ವಾರವೇ ಹೇಳುತ್ತೇನೆ' ಅಂತ ಬರೆಯಿರಿ. ನಿಮ್ಮ ಗಂಡನ ಮೌನದ ಹಿಂದೆಯೂ ಇದೇ ಇರಬಹುದು. ಆ ವ್ಯಕ್ತಿಯ ಬಗ್ಗೆ ಅವರಿಗೆ ಏನು ಅನ್ನಿಸುತ್ತಿದೆ ಅಂತ ಕೇಳಿ, ಉತ್ತರ ನೋವು ಕೊಟ್ಟರೂ ಕೇಳಿ. ಎಲ್ಲ ಬರೆದ ಮೇಲೆ ತಿಂಗಳಿಗೊಂದು ದಿನ ಗೊತ್ತು ಮಾಡಿ, ಆವತ್ತು ಒಪ್ಪಂದವನ್ನು ಮತ್ತೆ ಓದಿ.

ಇಷ್ಟೆಲ್ಲ ಮಾಡುವ ಮುಂಚೆ ಒಂಟಿಯಾಗಿ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ. ವರ್ಷದ ಹಿಂದೆ 'ಆಗಲಿ' ಅಂದಾಗ, 'ಬೇಡ' ಅನ್ನುವುದು ನಿಮಗೆ ನಿಜವಾಗಿ ಸಾಧ್ಯವಿತ್ತಾ? 'ಒಪ್ಪದಿದ್ದರೆ ಬಿಟ್ಟುಹೋಗುತ್ತಾರೆ' ಅನ್ನುವ ಹೆದರಿಕೆಯಿಂದ ಒಪ್ಪಿದ್ದರೆ, ಯಾವ ಕಾಗದವೂ ನಿಮ್ಮನ್ನು ಕಾಯುವುದಿಲ್ಲ. ಆಗ ಒಪ್ಪಂದ ತಿದ್ದುವ ಗೋಜಿಗೆ ಹೋಗದೆ, ಸಂಬಂಧವನ್ನು ಮತ್ತೆ ಇಬ್ಬರದೇ ಮಾಡೋಣ ಅಂತ ಕೇಳುವ ಹಕ್ಕು ನಿಮಗಿದೆ. ಒಮ್ಮೆ ಒಪ್ಪಿದ್ದೀರಿ ಅಂತ ಸದಾ ಒಪ್ಪಿರಬೇಕಿಲ್ಲ. ಅದೇ ರೀತಿ ಗಂಡ ಅದಕ್ಕೆ ಆಗುವುದಿಲ್ಲ ಅನ್ನಬಹುದು, ಆಗ ಇಬ್ಬರೂ ಜೊತೆಗಿರುವುದೋ ಬೇಡವೋ ಅನ್ನುವ ಮಾತೇ ಮುಂದೆ ಬರುತ್ತದೆ.

ಅವರನ್ನು ಮತ್ತೆ ನಂಬಬಹುದಾ ಅಂತ ತಿಳಿಯಲು ಕಣ್ಣೀರು, ಕ್ಷಮೆ ನೋಡಬೇಡಿ. ಎಲ್ಲ ಸಂಗತಿಯನ್ನು ಒಂದೇ ಸಲಕ್ಕೆ ಹೇಳುತ್ತಾರಾ, ಇಲ್ಲ ನೀವು ಪತ್ತೆ ಮಾಡಿದಷ್ಟನ್ನು ಮಾತ್ರ ಒಪ್ಪಿಕೊಳ್ಳುತ್ತಾರಾ? ಪರೀಕ್ಷೆಗೆ ತಾವಾಗಿಯೇ ಹೋಗುತ್ತಾರಾ? ಆ ವ್ಯಕ್ತಿಗೆ ನಿಜ ಹೇಳಿದ್ದಾರಾ? 'ನಾವು ಓಪನ್ ಅಲ್ವಾ' ಅನ್ನುವ ಮಾತನ್ನು ಬಿಟ್ಟಿದ್ದಾರಾ? ಕೆಲವು ವಾರಗಳಲ್ಲಿ ಇದೆಲ್ಲ ಕಾಣಿಸಿಬಿಡುತ್ತದೆ. ಅವರು ಪರೀಕ್ಷೆಗೇ ಒಪ್ಪದಿದ್ದರೆ ಒಪ್ಪಂದದ ಮಾತು ಅಲ್ಲಿಗೆ ನಿಲ್ಲಿಸಿ, ನಿಮ್ಮ ಪರೀಕ್ಷೆಯನ್ನು ನೀವೇ ಮಾಡಿಸಿಕೊಳ್ಳಿ, ಮುಂದಿನ ತೀರ್ಮಾನಕ್ಕೆ ಮುಂಚೆ ನಂಬಿಕೆಯ ಒಬ್ಬರ ಹತ್ತಿರವೋ ಆಪ್ತಸಮಾಲೋಚಕರ ಹತ್ತಿರವೋ ಒಬ್ಬರೇ ಹೋಗಿ ಮಾತಾಡಿ.